15 ಕಿಲೊ ಒಣದ್ರಾಕ್ಷಿ ಬಾಕ್ಸಿಗೆ ಎಷ್ಟು ಬೀಳಬೇಕು? ದರದ ಮಾತುಕತೆಗೆ ಮುನ್ನ ಕೇಳುವ ಪ್ರಶ್ನೆಗಳು

ವಿಜಯಪುರ, ತಿಕೋಟಾ ಕಡೆ ಒಣದ್ರಾಕ್ಷಿ ಪ್ಯಾಕ್ ಮಾಡುವವರು, ಕೋಲ್ಡ್ ಸ್ಟೋರೇಜ್‌ಗೆ ಮಾಲು ಇಡುವವರು ಪ್ರತಿ ಸೀಸನ್‌ಗೂ ರಟ್ಟಿನ ಬಾಕ್ಸ್ ಖರೀದಿಸುತ್ತಾರೆ. ಬಾಕ್ಸಿನವರು ಒಂದು ದರ ಹೇಳುತ್ತಾರೆ, ಇವರು ಒಂದು ರೂಪಾಯಿ ಇಳಿಸಿ ಅಂತಾರೆ, ಕೊನೆಗೆ ಐವತ್ತು ಪೈಸೆಗೆ ಮುಗಿಯುತ್ತದೆ. ಆ ಬಾಕ್ಸಿಗೆ ನಿಜಕ್ಕೂ ಎಷ್ಟು ಬೀಳಬೇಕು ಎಂಬ ಲೆಕ್ಕ ಇಬ್ಬರ ಮುಂದೆಯೂ ಇರುವುದಿಲ್ಲ. ಆ ಲೆಕ್ಕ ಹಾಕುವ ಬಗೆಯನ್ನು ಒಂದೇ ಬಾಕ್ಸ್ ಹಿಡಿದು ಇಲ್ಲಿ ಬಿಡಿಸಿದೆ. ಕೆಳಗಿನ ರೂಪಾಯಿ ದರಗಳೆಲ್ಲ ಲೆಕ್ಕ ತೋರಿಸಲು ಹಿಡಿದವು. ನಿಮ್ಮ ವಾರದ ದರ ಕೇಳಿ ಅವುಗಳ ಜಾಗದಲ್ಲಿ ತುಂಬಿಕೊಳ್ಳಿ.

ಬೀಳಬೇಕಾದ ದರ ಅಂದರೆ ಏನು? ಮೂರು ಕೊಟೇಶನ್ ತರಿಸಿದರೆ ಸಾಲದೇ?

ಒಂದು ಬಾಕ್ಸ್ ತಯಾರಾಗಲು ಎಷ್ಟು ಪೇಪರ್, ಎಷ್ಟು ಅಂಟು, ಎಷ್ಟು ಕೂಲಿ, ಎಷ್ಟು ಕರೆಂಟು ಬೇಕೋ ಅದನ್ನೆಲ್ಲ ಕೂಡಿಸಿ, ಮೇಲೆ ನ್ಯಾಯವಾದ ಲಾಭ ಸೇರಿಸಿದರೆ ಬರುವ ಮೊತ್ತವೇ ಬೀಳಬೇಕಾದ ದರ. ಕಂಪನಿಗಳ ಖರೀದಿ ವಿಭಾಗದಲ್ಲಿ ಇದನ್ನು ಷುಡ್-ಕಾಸ್ಟ್ ಅನ್ನುತ್ತಾರೆ.

ಮೂರು ಕೊಟೇಶನ್ ತರಿಸಿದರೆ ಮೂವರಲ್ಲಿ ಯಾರದ್ದು ಕಡಿಮೆ ಎಂಬುದಷ್ಟೇ ತಿಳಿಯುತ್ತದೆ. ಕಡಿಮೆ ಹೇಳಿದವನು 120 ಜಿಎಸ್‌ಎಂ ಬದಲು 100 ಜಿಎಸ್‌ಎಂನ ತೆಳು ಪೇಪರ್ ಹಾಕಿದ್ದರೆ ಅದು ಕೊಟೇಶನ್‌ನಲ್ಲಿ ಕಾಣುವುದಿಲ್ಲ. ಹೆಚ್ಚು ಹೇಳಿದವನ ರೀಲ್ ಅಗಲ ನಿಮ್ಮ ಬಾಕ್ಸಿಗೆ ಹೊಂದದೆ ಪೇಪರ್ ರದ್ದಿಗೆ ಹೋಗುತ್ತಿದ್ದರೆ ಅದೂ ಕಾಣುವುದಿಲ್ಲ. ಎರಡನ್ನೂ ಲೆಕ್ಕವೇ ಹೊರಗೆ ಹಾಕಬೇಕು.

ಲೆಕ್ಕಕ್ಕೆ ಕೂರುವ ಮೊದಲು ಯಾವ ಮಾಹಿತಿ ಕೈಯಲ್ಲಿರಬೇಕು?

ಬಾಕ್ಸಿನ ಒಳ ಅಳತೆ, ಎಷ್ಟು ಪ್ಲೈ ಅಂದರೆ ಎಷ್ಟು ಪದರ, ಪ್ರತಿ ಪದರದ ಜಿಎಸ್‌ಎಂ ಮತ್ತು ಬಿಎಫ್, ಫ್ಲೂಟ್ ಎಂಬ ಅಲೆಯಲೆಯಾದ ಪದರ ಯಾವ ಬಗೆಯದು, ಪ್ರಿಂಟಿಂಗ್ ಎಷ್ಟು ಬಣ್ಣ, ಜೋಡಣೆ ಪಿನ್ನಿನದೋ ಅಂಟಿನದೋ, ವರ್ಷಕ್ಕೆ ಎಷ್ಟು ಬಾಕ್ಸ್, ಒಂದು ಸಲಕ್ಕೆ ಎಷ್ಟು, ಹಣ ಎಷ್ಟು ದಿನಕ್ಕೆ. ನಾವು ಹಿಡಿದ ಬಾಕ್ಸ್ ಹೀಗಿದೆ: ಒಳ ಅಳತೆ 400 × 280 × 210 ಮಿ.ಮೀ., 5 ಪ್ಲೈ, ಎರಡೂ ಬಿ ಫ್ಲೂಟ್, ಹೊರ ಪದರ 150 ಜಿಎಸ್‌ಎಂ 20 ಬಿಎಫ್, ಉಳಿದ ನಾಲ್ಕು ಪದರ 120 ಜಿಎಸ್‌ಎಂ 16 ಬಿಎಫ್, ಒಂದು ಬಣ್ಣ, ಪಿನ್ ಹೊಡೆದದ್ದು. ಬಾಕ್ಸಿನವರು ಹೇಳಿದ ದರ ₹28.50, ಜಿಎಸ್‌ಟಿ ಬೇರೆ, 60 ದಿನದ ಉದ್ರಿ, ಮಾಲು ನಿಮ್ಮ ಗೋದಾಮಿಗೆ ಮುಟ್ಟಿಸಿ.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಪೇಪರಿನ ತೂಕ, ಗ್ರಾಂನಲ್ಲಿ. ಬಿಎಫ್ ಪೇಪರಿನ ಗಟ್ಟಿತನ: ಸಿಡಿಯುವ ಒತ್ತಡವನ್ನು 1000ದಿಂದ ಗುಣಿಸಿ ಜಿಎಸ್‌ಎಂನಿಂದ ಭಾಗಿಸಿದರೆ ಬರುವ ಅಂಕಿ. ಬಾಕ್ಸಿನ ತೂಕ ನಿರ್ಧರಿಸುವುದು ಜಿಎಸ್‌ಎಂ, ಕಿಲೊ ದರ ನಿರ್ಧರಿಸುವುದು ಮುಖ್ಯವಾಗಿ ಬಿಎಫ್. ಇವೆರಡನ್ನು ಕಲಸಿಕೊಂಡರೆ ಮುಂದಿನ ಲೆಕ್ಕವೆಲ್ಲ ಹಾದಿ ತಪ್ಪುತ್ತದೆ.

ಒಂದು ಬಾಕ್ಸಿಗೆ ಎಷ್ಟು ಹಾಳೆ ಬೇಕು ಎಂದು ಕಂಡುಹಿಡಿಯುವುದು ಹೇಗೆ?

ಬಾಕ್ಸಿನ ಪಿನ್ ಕಿತ್ತು ನೆಲದ ಮೇಲೆ ಬಿಡಿಸಿ ಹಾಸಿ. ಸಾಲಾಗಿ ನಾಲ್ಕು ಗೋಡೆ, ಅಂಚಿಗೆ ಪಿನ್ ಹೊಡೆಯುವ ಪಟ್ಟಿ, ಮೇಲೆ ಕೆಳಗೆ ಮುಚ್ಚಳದ ಕಿವಿಗಳು ಕಾಣುತ್ತವೆ. ಉದ್ದದ ದಿಕ್ಕಿನಲ್ಲಿ ಎರಡು ಉದ್ದ ಗೋಡೆ, ಎರಡು ಅಗಲ ಗೋಡೆ ಮತ್ತು ಪಟ್ಟಿ ಬರುತ್ತವೆ. ಅಡ್ಡ ದಿಕ್ಕಿನಲ್ಲಿ ಎತ್ತರ ಮತ್ತು ಎರಡು ಕಿವಿ. ಒಂದೊಂದು ಕಿವಿ ಬಾಕ್ಸಿನ ಅಗಲದ ಅರ್ಧ ಇರುವುದರಿಂದ ಎರಡೂ ಸೇರಿ ಒಂದು ಅಗಲ.

ಒಳ ಅಳತೆಯನ್ನೇ ನೇರವಾಗಿ ಹಾಕಬಾರದು. 5 ಪ್ಲೈ ರಟ್ಟು ಸುಮಾರು 6 ಮಿ.ಮೀ. ದಪ್ಪ ಇರುತ್ತದೆ, ಮಡಚಿದಾಗ ಆ ದಪ್ಪ ಒಳಜಾಗವನ್ನು ತಿನ್ನುತ್ತದೆ. ಹಾಗಾಗಿ ಪ್ರತಿ ಗೋಡೆಗೆ 6 ಮಿ.ಮೀ., ಎತ್ತರಕ್ಕೆ 12 ಮಿ.ಮೀ. ಸೇರಿಸಿದ್ದೇವೆ. ಪಟ್ಟಿಗೆ 40, ಉದ್ದದಲ್ಲಿ ಎರಡೂ ತುದಿಯಲ್ಲಿ ಕತ್ತರಿಸಿ ತೆಗೆಯುವ ಟ್ರಿಮ್‌ಗೆ 16. ಅಡ್ಡದಲ್ಲಿ ಒಂದೇ ರೀಲ್ ಅಗಲಕ್ಕೆ ಎರಡು ಬಾಕ್ಸ್ ಕೂಡಿಸುತ್ತಾರೆ, ಅಂಚಿನ ಟ್ರಿಮ್ 24 ಮಿ.ಮೀ. ಅಂದರೆ ಬಾಕ್ಸಿಗೆ 12.

```
ಉದ್ದ  = 2 × (406 + 286) + 40 + 16 = 1440 ಮಿ.ಮೀ.
ಅಗಲ  = 286 + 222 + 12            = 520 ಮಿ.ಮೀ.
ಹಾಳೆ  = 1.440 × 0.520            = 0.7488 ಚ.ಮೀ.
ರೀಲ್  = 2 × 520                  = 1040 ಮಿ.ಮೀ.
```

ಕೊನೆಯ ಸಾಲನ್ನು ಕೆಂಪು ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ. ಈ ಬಾಕ್ಸಿಗೆ ಹೊಂದುವ ರೀಲ್ ಅಗಲ 1040 ಮಿ.ಮೀ. ಬಾಕ್ಸಿನವರ ಬಳಿ 1100ರ ರೀಲ್ ಇದ್ದರೆ ಹೆಚ್ಚಿನ 60 ಮಿ.ಮೀ. ಪ್ರತಿ ಸುತ್ತಿಗೂ ಕತ್ತರಿಸಿ ಬೀಳುತ್ತದೆ. ಅದು ಸುಮಾರು 5.8% ಪೇಪರ್. ಫ್ಲೂಟಿನ ಅಲೆಗಳು ಬಾಕ್ಸಿನ ಎತ್ತರದ ದಿಕ್ಕಿನಲ್ಲಿ ನಿಲ್ಲಬೇಕು, ಇಲ್ಲದಿದ್ದರೆ ಬಾಕ್ಸ್ ಭಾರ ತಡೆಯುವುದಿಲ್ಲ. ಹಾಗಾಗಿ ಹಾಳೆಯನ್ನು ತಿರುಗಿಸಿ ಹಾಕಿ ಈ ನಷ್ಟ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಪೇಪರಿನ ತೂಕ ಎಷ್ಟು ಬರುತ್ತದೆ?

ಫ್ಲೂಟ್ ಅಲೆಯಲೆಯಾಗಿ ಮಡಚಿಕೊಂಡಿರುವುದರಿಂದ ಒಂದು ಮೀಟರ್ ರಟ್ಟಿಗೆ ಒಂದು ಮೀಟರಿಗಿಂತ ಹೆಚ್ಚು ಪೇಪರ್ ತಿನ್ನುತ್ತದೆ. ಬಿ ಫ್ಲೂಟಿಗೆ ಸುಮಾರು 1.35 ಪಟ್ಟು, ಎ ಫ್ಲೂಟಿಗೆ 1.5ಕ್ಕೂ ತುಸು ಹೆಚ್ಚು. ನಮ್ಮ ರಟ್ಟಿನ ಒಟ್ಟು ಜಿಎಸ್‌ಎಂ:

```
150 + (120 × 1.35) + 120 + (120 × 1.35) + 120 = 714
```

ಹಾಳೆಗೆ 0.7488 × 714, ಅಂದರೆ 535 ಗ್ರಾಂ. ರೀಲಿನ ಮೇಲ್ಸುತ್ತು ಹರಿದಿರುತ್ತದೆ, ಕೋರ್ ಹತ್ತಿರದ ಪೇಪರ್ ಉಳಿಯುತ್ತದೆ, ಮಶೀನ್ ಸೆಟ್ ಮಾಡುವಾಗ ಕೆಲವು ಹಾಳೆ ಹೋಗುತ್ತವೆ. ಇದಕ್ಕೆ 3% ಸೇರಿಸಿದರೆ 551 ಗ್ರಾಂ. ಇದು ಬಾಕ್ಸಿನವರು ಕೊಳ್ಳಬೇಕಾದ ಪೇಪರ್.

ನಿಮ್ಮ ಕೈಗೆ ಬರುವ ಬಾಕ್ಸ್ ಇಷ್ಟು ತೂಗುವುದಿಲ್ಲ. ಟ್ರಿಮ್, ಕಿವಿಗಳ ನಡುವಿನ ಸ್ಲಾಟ್, ಪಟ್ಟಿಯ ಮೇಲಿನ ಕೆಳಗಿನ ತುಂಡು ಕಳೆದರೆ ಬಾಕ್ಸಿನಲ್ಲಿ ಉಳಿಯುವ ಪೇಪರ್ ಸುಮಾರು 503 ಗ್ರಾಂ. ಒಣಗಿದ ಸ್ಟಾರ್ಚ್ ಸೇರಿ ಬಾಕ್ಸ್ ಸುಮಾರು 520 ಗ್ರಾಂ ತೂಗಬೇಕು. ಕೊಂಡ 551 ಗ್ರಾಂ ಪೇಪರಿನಲ್ಲಿ ಸುಮಾರು 47.5 ಗ್ರಾಂ ರದ್ದಿಗೆ ಹೋಗುತ್ತದೆ, ಆದರೆ ರದ್ದಿಗೂ ದುಡ್ಡು ಬರುತ್ತದೆ. ಬಾಕ್ಸಿನವರು ಕೊಡುವ ಲೆಕ್ಕದಲ್ಲಿ ವೇಸ್ಟೇಜ್ ಇರುತ್ತದೆ, ರದ್ದಿಯ ಜಮಾ ಮಾತ್ರ ಇರುವುದಿಲ್ಲ. ನೀವೇ ನೆನಪಿಸಬೇಕು.

ಪೇಪರ್ ದರ ಎಲ್ಲಿ ಕೇಳುವುದು?

ವಾಪಿ, ಮೋರ್ಬಿ, ಕೊಯಮತ್ತೂರು ಕಡೆಯ ಕ್ರಾಫ್ಟ್ ಮಿಲ್‌ಗಳ ಏಜೆಂಟರು ಫೋನಿನಲ್ಲೇ ದರ ಹೇಳುತ್ತಾರೆ. ಬರೀ "ಕ್ರಾಫ್ಟ್ ಎಷ್ಟ್ರೀ?" ಎಂದರೆ ಸಿಗುವ ಉತ್ತರ ಕೆಲಸಕ್ಕೆ ಬಾರದು. ಜಿಎಸ್‌ಎಂ, ಬಿಎಫ್, ರೀಲ್ ಅಗಲ, ಟನ್, ನಗದೋ ಉದ್ರಿಯೋ ಎಂಬ ಐದನ್ನೂ ಹೇಳಿ, ವಿಜಯಪುರಕ್ಕೆ ಮುಟ್ಟಿಸಿ ಎಷ್ಟು ಎಂದು ಕೇಳಿ. ಇಬ್ಬರು ಮೂವರನ್ನು ಒಂದೇ ವಾರದಲ್ಲಿ ಕೇಳಿ, ತಾರೀಖು ಸಮೇತ ಬರೆದಿಡಿ. ಹಳೆಯ ದರ ಹಿಡಿದು ಮಾತಿಗೆ ಕೂತರೆ ಮೊದಲ ಐದು ನಿಮಿಷದಲ್ಲೇ ನಿಮ್ಮ ಹಾಳೆಯ ಮೇಲಿನ ನಂಬಿಕೆ ಹೋಗುತ್ತದೆ.

ಇಲ್ಲಿ 20 ಬಿಎಫ್‌ಗೆ ಕಿಲೊಗೆ ₹36, 16 ಬಿಎಫ್‌ಗೆ ₹32, ರದ್ದಿಗೆ ₹12 ಹಿಡಿದಿದ್ದೇವೆ, ಜಿಎಸ್‌ಟಿ ಬಿಟ್ಟು.

ಮಶೀನು, ಕೂಲಿ, ಕರೆಂಟಿನ ಖರ್ಚು ಹೊರಗಿನವರಿಗೆ ಹೇಗೆ ಗೊತ್ತಾಗುತ್ತದೆ?

ಪೈಸೆಗೆ ಪೈಸೆ ಗೊತ್ತಾಗುವುದಿಲ್ಲ, ಹತ್ತಿರಕ್ಕೆ ಹೋಗಬಹುದು. ನಮ್ಮ ಕಡೆಯ ಬಹಳಷ್ಟು ಘಟಕಗಳು ಸೆಮಿ ಆಟೋಮ್ಯಾಟಿಕ್. ಒಂದು ಮಶೀನಿನಲ್ಲಿ ಫ್ಲೂಟ್ ಬಿದ್ದು ಲೈನರ್ ಎಂಬ ಸಪಾಟು ಪದರಕ್ಕೆ ಅಂಟಿ ಹಾಳೆ ಕತ್ತರಿಸುತ್ತದೆ, ಆಮೇಲೆ ಪೇಸ್ಟಿಂಗ್, ಒತ್ತು ಹಾಕಿ ಒಣಗಿಸುವುದು, ಕ್ರೀಸಿಂಗ್, ಪ್ರಿಂಟಿಂಗ್, ಸ್ಲಾಟ್, ಪಿನ್, ಕಟ್ಟು. ಪ್ರತಿ ಹಂತದಲ್ಲೂ ಹಾಳೆಯನ್ನು ಕೈಯಲ್ಲೇ ಎತ್ತಿಡುತ್ತಾರೆ.

ಘಟಕಕ್ಕೆ ಒಮ್ಮೆ ಹೋಗಿ ಬನ್ನಿ. ಎಷ್ಟು ಜನ ದುಡಿಯುತ್ತಿದ್ದಾರೆ, ತಿಂಗಳಿಗೆ ಎಷ್ಟು ಟನ್ ಬಾಕ್ಸ್ ಹೋಗುತ್ತದೆ ಎಂದು ಕೇಳಿ. ಟನ್ನು ಯಾರೂ ಮುಚ್ಚಿಡುವುದಿಲ್ಲ, ಅದು ಅವರ ಹೆಮ್ಮೆ. ಕೂಲಿ ₹3,30,000, ಕರೆಂಟು ₹70,000, ಬಾಡಿಗೆ ಮತ್ತು ಮಶೀನ್ ಸವಕಳಿ ₹1,00,000, ರಿಪೇರಿ ₹28,000, ಆಫೀಸು ₹40,000 ಎಂದು ಹಿಡಿದರೆ ತಿಂಗಳಿಗೆ ₹5,68,000. ತಿಂಗಳಿಗೆ 80 ಟನ್ ಹೋಗುತ್ತಿದ್ದರೆ ಕಿಲೊಗೆ ₹7.10. ನಮ್ಮ 520 ಗ್ರಾಂ ಬಾಕ್ಸಿಗೆ ₹3.69.

ಈ ಕಿಲೊ ಲೆಕ್ಕಕ್ಕೆ ಒಂದು ಮಿತಿ ಇದೆ. ಅರ್ಧ ಕಿಲೊದಿಂದ ಒಂದು ಕಿಲೊವರೆಗಿನ ಬಾಕ್ಸಿಗೆ ಅದು ಸರಿ ಹೊಂದುತ್ತದೆ. 150 ಗ್ರಾಂನ ಸಣ್ಣ ಬಾಕ್ಸಿಗೂ ಅಷ್ಟೇ ಸಲ ಕೈ ಬೀಳುತ್ತದೆ, ಅಷ್ಟೇ ಹಂತ ದಾಟಬೇಕು. ಅಲ್ಲಿ ಕಿಲೊ ಲೆಕ್ಕ ಹಾಕಿದರೆ ಬಾಕ್ಸಿನವರಿಗೆ ಅನ್ಯಾಯ. ಸಣ್ಣ ಬಾಕ್ಸಿಗೆ ಪಿನ್ ಮಶೀನಿನ ಮುಂದೆ ನಿಂತು ಹತ್ತು ನಿಮಿಷಕ್ಕೆ ಎಷ್ಟು ಬಾಕ್ಸ್ ದಾಟುತ್ತವೆ ಎಂದು ಎಣಿಸಿ, ಅದನ್ನು ಆರರಿಂದ ಗುಣಿಸಿ, ಗಂಟೆಯ ಕೂಲಿಯನ್ನು ಆ ಅಂಕಿಯಿಂದ ಭಾಗಿಸಿ. ಹೀಗೆ ಹಂತ ಹಂತವಾಗಿ ಹೋಗಬೇಕು.

ಎಲ್ಲ ಕೂಡಿಸಿದರೆ ಎಷ್ಟಾಯಿತು?

| ಬಾಬ್ತು | ಲೆಕ್ಕ | ರೂಪಾಯಿ |
|---|---|---|
| ಹೊರ ಪೇಪರ್ | 115.7 ಗ್ರಾಂ × ₹36 | 4.16 |
| ಉಳಿದ ನಾಲ್ಕು ಪದರ | 435 ಗ್ರಾಂ × ₹32 | 13.92 |
| ರದ್ದಿ ಜಮಾ | 47.5 ಗ್ರಾಂ × ₹12 | −0.57 |
| ಸ್ಟಾರ್ಚ್ | ಸುಮಾರು 19 ಗ್ರಾಂ × ₹40 | 0.75 |
| ಪಿನ್ ತಂತಿ ಮತ್ತು ಇಂಕ್ | | 0.30 |
| ತಯಾರಿಕೆ | 0.52 ಕಿಲೊ × ₹7.10 | 3.69 |
| ರಿಜೆಕ್ಷನ್ | 1% | 0.22 |
| 60 ದಿನದ ಉದ್ರಿಯ ಬಡ್ಡಿ | ವರ್ಷಕ್ಕೆ 12% | 0.44 |
| ಲಾಭ | 6% | 1.37 |
| ಗಾಡಿ ಬಾಡಿಗೆ | 1,200 ಬಾಕ್ಸಿಗೆ ₹1,200 | 1.00 |
| ಒಟ್ಟು | | 25.28 |

ಪೇಪರೊಂದೇ ಒಟ್ಟಿನ ಹತ್ತಿರ ಹತ್ತಿರ ಮುಕ್ಕಾಲು ಪಾಲು. ಇಂಕು, ತಂತಿಯ ಮೇಲೆ ಅರ್ಧ ಗಂಟೆ ವಾದ ಮಾಡಿ ಐದು ಪೈಸೆ ಗೆದ್ದು ಬರುವವರಿದ್ದಾರೆ. ಆ ಹೊತ್ತನ್ನು ರೀಲ್ ಅಗಲದ ಮೇಲೆ ಕಳೆದರೆ ಹತ್ತು ಪಟ್ಟು ಸಿಗುತ್ತದೆ.

ಪ್ರಿಂಟಿಂಗ್ ಬ್ಲಾಕಿನ ಖರ್ಚು ಇದರಲ್ಲಿ ಇಲ್ಲ. ಅದು ಒಂದೇ ಸಲದ್ದು. ಬೇರೆ ಬಿಲ್ ಮಾಡಿಸಿಕೊಳ್ಳಿ, ಬ್ಲಾಕ್ ನಿಮ್ಮದು ಎಂದು ಬರೆಸಿಕೊಳ್ಳಿ. ಬಾಕ್ಸಿನ ದರದೊಳಗೆ ಸೇರಿಸಲು ಬಿಟ್ಟರೆ ಮುಂದಿನ ವರ್ಷವೂ ಅದನ್ನೇ ಕಟ್ಟುತ್ತಿರುತ್ತೀರಿ.

ಬಾಕ್ಸಿನವರು ಹೇಳಿದ್ದು ₹28.50, ನಮ್ಮ ಲೆಕ್ಕ ₹25.28. ಅಂದರೆ ₹3.22 ಅವರು ಹೆಚ್ಚು ತಿನ್ನುತ್ತಿದ್ದಾರೆಯೇ?

ಹಾಗೆಂದುಕೊಂಡು ಮಾತು ಶುರು ಮಾಡಿದರೆ ಕೆಲಸ ಕೆಡುತ್ತದೆ. ಆ ₹3.22 ಎಲ್ಲಿ ಕೂತಿದೆ ಎಂದು ಮೊದಲು ಹುಡುಕಬೇಕು. ನಮ್ಮ ಉದಾಹರಣೆಯಲ್ಲಿ ಎರಡು ಪ್ರಶ್ನೆ ಕೇಳಿದರೆ ಅರ್ಧಕ್ಕಿಂತ ಹೆಚ್ಚು ಸಿಕ್ಕಿಬಿಡುತ್ತದೆ.

ಮೊದಲನೆಯದು, "ಯಾವ ರೀಲ್ ಮೇಲೆ ಹೊಡೀತೀರಿ?" ಉತ್ತರ 1100 ಎಂದಾದರೆ ಪೇಪರ್ 5.8% ಹೆಚ್ಚು, ಅಂದರೆ ₹1.04. ಕತ್ತರಿಸಿ ಬಿದ್ದದ್ದು ರದ್ದಿಗೆ ಮಾರಾಟವಾಗಿ 38 ಪೈಸೆ ವಾಪಸು ಬರುತ್ತದೆ, ನಿಜವಾದ ನಷ್ಟ 66 ಪೈಸೆ. ಎರಡನೆಯದು, "ಪೇಪರ್ ಮಿಲ್‌ನಿಂದ ತರಿಸ್ತೀರೋ, ವ್ಯಾಪಾರಿ ಕಡೆ ತಗೋತೀರೋ?" ನೀವು 2,000 ಬಾಕ್ಸಿನ ಸಣ್ಣ ಆರ್ಡರ್ ಕೊಟ್ಟರೆ ಒಂದೇ ಅಳತೆಯ ರೀಲನ್ನು ಮಿಲ್‌ನಿಂದ ತರಿಸುವಷ್ಟು ಟನ್ ಆಗುವುದಿಲ್ಲ, ಅವರು ಸ್ಟಾಕ್ ಇಟ್ಟ ವ್ಯಾಪಾರಿಯ ಹತ್ತಿರ ಹೋಗುತ್ತಾರೆ. ಅಲ್ಲಿ ಕಿಲೊಗೆ ₹2 ಹೆಚ್ಚಾದರೆ ಬಾಕ್ಸಿಗೆ ₹1.10. ಎರಡೂ ಸೇರಿ ₹1.76.

ಉಳಿದ ₹1.46ರಲ್ಲಿ ಸಣ್ಣ ಆರ್ಡರಿನ ಸೆಟ್ಟಿಂಗ್ ಖರ್ಚು ಇರಬಹುದು, ಸೀಸನ್ನಿನ ಗಡಿಬಿಡಿಯ ಬೆಲೆ ಇರಬಹುದು, ಚೌಕಾಶಿಗೆಂದೇ ಏರಿಸಿಟ್ಟದ್ದೂ ಇರಬಹುದು. ಮಾತಾಡಬೇಕಾದ ಜಾಗ ಇಷ್ಟೇ. ಮೇಲಿನ ₹1.76 ನಿಮ್ಮ ಆರ್ಡರ್ ಬದಲಾಗದೆ ಇಳಿಯುವುದಿಲ್ಲ.

ಹಾಗಾದರೆ ನಾವು ಏನು ಬದಲಿಸಬೇಕು?

ಆರ್ಡರಿನ ಗಾತ್ರ ಮತ್ತು ಹೊತ್ತು. ದ್ರಾಕ್ಷಿ ಒಣಗುವುದು ಬೇಸಿಗೆಯ ಹೊತ್ತಿಗೆ, ಆಗ ಎಲ್ಲರಿಗೂ ಒಟ್ಟಿಗೇ ಬಾಕ್ಸ್ ಬೇಕು. ಡಿಸೆಂಬರ್‌ನಲ್ಲೇ 10,000 ಬಾಕ್ಸಿನ ಒಂದೇ ಆರ್ಡರ್ ಕೊಟ್ಟು, ಮಾಲನ್ನು ಕಂತಿನಲ್ಲಿ ಎತ್ತುತ್ತೇವೆ ಎಂದರೆ ಚಿತ್ರ ಬದಲಾಗುತ್ತದೆ. ಅಷ್ಟಕ್ಕೆ 120 ಜಿಎಸ್‌ಎಂ ಪೇಪರ್ ಸುಮಾರು 4.35 ಟನ್, 150 ಜಿಎಸ್‌ಎಂ ಪೇಪರ್ ಸುಮಾರು 1.16 ಟನ್ ಬೇಕು. 1040 ರೀಲನ್ನೇ ಮಿಲ್‌ಗೆ ಹೇಳಿ ತರಿಸಲು ಬಾಕ್ಸಿನವರಿಗೆ ಕಾರಣ ಸಿಗುತ್ತದೆ. 150 ಜಿಎಸ್‌ಎಂ ಟನ್ ಕಡಿಮೆ ಎಂದು ಮಿಲ್ ಒಪ್ಪದಿದ್ದರೆ ಅದೊಂದನ್ನು ಬೇರೆ ಆರ್ಡರ್ ಜೊತೆ ಕೂಡಿಸಲು ಹೇಳಿ. ದೊಡ್ಡ ಪಾಲು 120ರದ್ದೇ.

ಇದಕ್ಕೂ ಖರ್ಚಿದೆ. ಪೇಪರ್ ತಂದು ಇಟ್ಟುಕೊಂಡರೆ ಬಾಕ್ಸಿಗೆ ತಿಂಗಳಿಗೆ ಸುಮಾರು 18 ಪೈಸೆ ಬಡ್ಡಿ. ಮೂರು ತಿಂಗಳಲ್ಲಿ ಸಮನಾಗಿ ಎತ್ತಿದರೆ ಸರಾಸರಿ ಒಂದೂವರೆ ತಿಂಗಳು, 27 ಪೈಸೆ. ಈ 27 ಪೈಸೆಯನ್ನು ಅವರು ಕೇಳುವ ಮೊದಲೇ ನೀವೇ ಲೆಕ್ಕಕ್ಕೆ ಸೇರಿಸಿ ತೋರಿಸಿ. ನಿಮ್ಮ ಹಾಳೆ ಒಂದೇ ಕಡೆ ವಾಲಿಲ್ಲ ಎಂದು ಅವರಿಗೆ ಅನಿಸಿದರೆ ಉಳಿದ ಸಾಲುಗಳ ಮೇಲಿನ ತಕರಾರು ಕಡಿಮೆಯಾಗುತ್ತದೆ. ಹಣವನ್ನು 60ರ ಬದಲು 30 ದಿನಕ್ಕೆ ಕೊಟ್ಟರೆ 22 ಪೈಸೆ ವಾಪಸು ಬರುತ್ತದೆ.

ಈ ಬಾಕ್ಸಿಗೆ ₹25.75ರಿಂದ ₹26.25ರ ನಡುವೆ ಮುಗಿದರೆ ಇಬ್ಬರಿಗೂ ಸರಿಯಾದ ದರ. ₹25ಕ್ಕಿಂತ ಕೆಳಗೆ ಎಳೆದರೆ ಪೇಪರಿನಲ್ಲಿ ಕೈ ಆಡಿಸುತ್ತಾರೆ ಎಂದೇ ತಿಳಿಯಿರಿ. ವರ್ಷಕ್ಕೆ ಸಾವಿರ ಬಾಕ್ಸ್ ಕೊಳ್ಳುವವರಿಗಂತೂ ಈ ಸಾಹಸ ಬೇಡ. ಅಕ್ಕಪಕ್ಕದ ನಾಲ್ಕು ಜನ ಸೇರಿ ಒಂದೇ ಅಳತೆಯ ಬಾಕ್ಸ್‌ಗೆ ಆರ್ಡರ್ ಕೊಡುವುದು ಮೇಲು.

"ಪೇಪರ್ ರೇಟ್ ಏರೇತ್ರಿ ಸಾವ್ಕಾರ್ರ" ಎಂದರೆ ಏನು ಹೇಳಬೇಕು?

ಒಂದು ಬಾಕ್ಸಿಗೆ 551 ಗ್ರಾಂ ಪೇಪರ್ ಹೋಗುತ್ತದೆ. ಕಿಲೊಗೆ ಒಂದು ರೂಪಾಯಿ ಏರಿದರೆ ಬಾಕ್ಸಿಗೆ 55 ಪೈಸೆ ಏರುತ್ತದೆ. ಎರಡು ರೂಪಾಯಿ ಏರಿದರೆ ₹1.10. ಅವರು ಎರಡು ರೂಪಾಯಿ ಏರಿಕೆ ತೋರಿಸಿ ಬಾಕ್ಸಿಗೆ ಎರಡು ರೂಪಾಯಿ ಕೇಳಿದರೆ, ಈ ಒಂದು ಅಂಕಿ ಸಾಕು.

ಇದನ್ನೇ ಆರ್ಡರಿನಲ್ಲಿ ಬರೆಸಿ: ಮೂಲ ದರ ಇಂತಿಷ್ಟು, 16 ಬಿಎಫ್‌ನ ಮಿಲ್ ದರ ಕಿಲೊಗೆ ₹1 ಏರಿದರೆ ಅಥವಾ ಇಳಿದರೆ ಬಾಕ್ಸಿಗೆ 55 ಪೈಸೆ, ಮೂರು ತಿಂಗಳಿಗೊಮ್ಮೆ, ಮಿಲ್ ಬಿಲ್ ತೋರಿಸಿ. "ಇಳಿದರೆ" ಎಂಬ ಮಾತು ಬಿಟ್ಟುಹೋಗದಂತೆ ನೋಡಿಕೊಳ್ಳಿ. ಏರಿದ ಸುದ್ದಿ ಅದೇ ದಿನ ನಿಮಗೆ ಮುಟ್ಟುತ್ತದೆ, ಇಳಿದದ್ದನ್ನು ಯಾರೂ ಬಂದು ಹೇಳುವುದಿಲ್ಲ.

ಜಿಎಸ್‌ಟಿ ಬದಲಾದದ್ದರಿಂದ ತಮಗೆ ನಷ್ಟ ಎಂದು ಬಾಕ್ಸಿನವರು ಹೇಳುತ್ತಾರೆ. ನಿಜವೇ?

ಮಾತು ನಿಜ, ಮೊತ್ತ ಸಣ್ಣದು. 2025ರ ಸೆಪ್ಟೆಂಬರ್ 22ರಿಂದ ರಟ್ಟಿನ ಬಾಕ್ಸಿನ ಜಿಎಸ್‌ಟಿ 12%ರಿಂದ 5%ಕ್ಕೆ ಇಳಿಯಿತು, ಕ್ರಾಫ್ಟ್ ಪೇಪರಿನದು 12%ರಿಂದ 18%ಕ್ಕೆ ಏರಿತು. ಬಾಕ್ಸಿನವರು ಪೇಪರಿನ ಮೇಲೆ ಕಟ್ಟುವುದು ₹3.25, ನಿಮ್ಮಿಂದ ವಸೂಲು ಮಾಡುವುದು ₹1.26. ಬಾಕ್ಸಿಗೆ ಸುಮಾರು ₹2 ಅವರ ಕ್ರೆಡಿಟ್ ಖಾತೆಯಲ್ಲಿ ಕೂತುಬಿಡುತ್ತದೆ. ಕೊಂಡ ಸಾಮಾನಿನ ಮೇಲಿನ ಈ ಹೆಚ್ಚುವರಿ ತೆರಿಗೆಗೆ ರೀಫಂಡ್ ಕೇಳಲು ಅವಕಾಶವಿದೆ. ನಾಲ್ಕು ತಿಂಗಳು ತಡವಾಯಿತು ಎಂದೇ ಹಿಡಿದರೂ 12% ಬಡ್ಡಿಯಲ್ಲಿ ಬಾಕ್ಸಿಗೆ 8 ಪೈಸೆ. ಜೊತೆಗೆ ಆಡಿಟರ್ ಫೀ ಒಂದೆರಡು ಪೈಸೆ ಸೇರಿಸಿ, 10 ಪೈಸೆ ಒಪ್ಪಿಕೊಳ್ಳಿ. ಜಿಎಸ್‌ಟಿ ಹೆಸರಿನಲ್ಲಿ ಒಂದು ರೂಪಾಯಿ ಕೇಳಿದರೆ ಈ ಲೆಕ್ಕ ಮುಂದಿಡಿ.

ಹೇಳಿದ ಪೇಪರನ್ನೇ ಹಾಕಿದ್ದಾರೆ ಎಂದು ಪರೀಕ್ಷಿಸುವುದು ಹೇಗೆ?

ಮೊದಲು ಹತ್ತು ಖಾಲಿ ಬಾಕ್ಸ್ ಒಟ್ಟಿಗೆ ತೂಗಿ. 5.2 ಕಿಲೊ ಹತ್ತಿರ ಇರಬೇಕು. ನಾಲ್ಕು ಪದರಕ್ಕೆ 120ರ ಬದಲು 100 ಜಿಎಸ್‌ಎಂ ಹಾಕಿದ್ದರೆ ಒಂದು ಬಾಕ್ಸ್ ಸುಮಾರು 455 ಗ್ರಾಂ, ಹತ್ತಕ್ಕೆ 4.55 ಕಿಲೊ. ಈ ವ್ಯತ್ಯಾಸ ಸಾಮಾನ್ಯ ತಕ್ಕಡಿಯಲ್ಲೂ ಕಾಣುತ್ತದೆ. ಆದರೆ ತೇವ ಮೋಸ ಮಾಡುತ್ತದೆ. ಪೇಪರಿನ ತೇವಾಂಶ 7%ರಿಂದ 12%ಕ್ಕೆ ಏರಿದರೆ ಅದೇ 520 ಗ್ರಾಂ ಬಾಕ್ಸ್ 550 ತೂಗುತ್ತದೆ. ಪೇಸ್ಟಿಂಗ್ ಆಗಿ ಸರಿಯಾಗಿ ಒಣಗದ ಬಾಕ್ಸ್ ಮುಟ್ಟಿದರೆ ತಣ್ಣಗಿರುತ್ತದೆ, ಅಂಚು ಒತ್ತಿದರೆ ಮೆತ್ತಗೆ ಬಾಗುತ್ತದೆ. ಅಂಥ ಲಾಟನ್ನು ಎರಡು ದಿನ ಗಾಳಿಗಿಟ್ಟು ಆಮೇಲೆ ತೂಗಬೇಕು.

ಅನುಮಾನ ಬಂದರೆ ಪದರ ಬಿಡಿಸಿ ನೋಡಿ. ಬಾಕ್ಸಿನ ಗೋಡೆಯಿಂದ ಸರಿಯಾಗಿ 10 × 10 ಸೆಂ.ಮೀ. ತುಂಡು ಬ್ಲೇಡಿನಿಂದ ಕತ್ತರಿಸಿ. ಪ್ರಿಂಟ್ ಇಲ್ಲದ, ಕ್ರೀಸ್ ಬೀಳದ ಜಾಗ ಆರಿಸಿ. ಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ಸ್ಟಾರ್ಚ್ ಮೆತ್ತಗಾಗಿ ಐದು ಪದರ ಒಂದೊಂದಾಗಿ ಬಿಡುತ್ತವೆ. ಎಳೆದು ಹರಿಯಬೇಡಿ, ಅವೇ ಜಾರುವವರೆಗೆ ಕಾಯಿರಿ. ಅಂಟಿಕೊಂಡ ಸ್ಟಾರ್ಚನ್ನು ಬೆರಳಿನಿಂದ ಸವರಿ ತೆಗೆದು ನೆರಳಿನಲ್ಲಿ ಒಣಗಿಸಿ, ಒಂದು ರಾತ್ರಿ ಕೋಣೆಯಲ್ಲೇ ಬಿಡಿ. ಬಿಸಿಲಿನಿಂದ ತಂದು ಕೂಡಲೇ ತೂಗಿದರೆ ತೂಕ ಕಡಿಮೆ ಬಂದು, ಸರಿಯಾದ ಪೇಪರ್ ಹಾಕಿದವರ ಮೇಲೆ ಸುಮ್ಮನೆ ಆರೋಪ ಬರುತ್ತದೆ.

ಬಂಗಾರದ ಅಂಗಡಿಯಲ್ಲಿರುವಂಥ 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಒಂದೊಂದೇ ಪದರ ತೂಗಿ. ಗ್ರಾಂ ಅನ್ನು 100ರಿಂದ ಗುಣಿಸಿದರೆ ಜಿಎಸ್‌ಎಂ: ಹೊರ ಪದರ 1.50, ನಡು ಮತ್ತು ಒಳ ಪದರ 1.20 ಗ್ರಾಂ ಬರಬೇಕು. ಫ್ಲೂಟ್ ಪದರ ನೆನೆದು ನೇರವಾದಾಗ ಅಲೆಗೆ ಅಡ್ಡವಾದ ಉದ್ದ 13.5 ಸೆಂ.ಮೀ. ಆಸುಪಾಸು ಇದ್ದರೆ 1.35 ಪಟ್ಟು ನಿಜ, ತೂಕ 1.62 ಗ್ರಾಂ. ಉದ್ದ 12.8 ಬಂದರೆ ಫ್ಲೂಟ್ ರೋಲ್ ಸವೆದಿದೆ, ಅಲೆ ಗಿಡ್ಡವಾಗಿದೆ. ಅದರಿಂದ ಅವರಿಗೆ ಪೇಪರ್ ಉಳಿಯುತ್ತದೆ, ನಿಮಗೆ ರಟ್ಟು ತೆಳುವಾಗುತ್ತದೆ. ಒಂದೇ ತುಂಡಿನ ಮೇಲೆ ತೀರ್ಮಾನ ಮಾಡದೆ ಬೇರೆ ಬೇರೆ ಬಂಡಲಿನ ಮೂರು ಬಾಕ್ಸ್ ನೋಡಿ. ಐದು ಪ್ರತಿಶತದೊಳಗಿನ ವ್ಯತ್ಯಾಸಕ್ಕೆ ಜಗಳ ಬೇಡ.

ಬಿಎಫ್ ಮಾತ್ರ ಮನೆಯಲ್ಲಿ ತಿಳಿಯುವುದಿಲ್ಲ. ಅದಕ್ಕೆ ಬರ್ಸ್ಟಿಂಗ್ ಟೆಸ್ಟರ್ ಬೇಕು.

ಪೇಪರ್ ತೆಳುವಾಗಿಸಿ ದರ ಇಳಿಸಬಹುದೇ?

ನಡು ಪದರವನ್ನು 120ರಿಂದ 100 ಜಿಎಸ್‌ಎಂಗೆ ಇಳಿಸಿದರೆ ಬಾಕ್ಸಿಗೆ 49 ಪೈಸೆ ಉಳಿಯುತ್ತದೆ. ಆಸೆ ಹುಟ್ಟಿಸುವ ಮೊತ್ತವೇ. ಆದರೆ ಬಾಕ್ಸ್ ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಉತ್ತರ ಇದೆ. ಕೋಲ್ಡ್ ಸ್ಟೋರೇಜ್‌ನಲ್ಲಿ ಐದು ಬಾಕ್ಸ್ ಎತ್ತರಕ್ಕೆ ಪೇರಿಸಿದರೆ ಕೆಳಗಿನದರ ಮೇಲೆ ನಾಲ್ಕು ಬಾಕ್ಸ್, ಸುಮಾರು 62 ಕಿಲೊ ಕೂರುತ್ತದೆ. ತಿಂಗಳುಗಟ್ಟಲೆ ಹೊರೆ ಹೊತ್ತು ನಿಂತ ರಟ್ಟು ಸೋಲುತ್ತದೆ, ತಂಪಿನ ತೇವದಲ್ಲಿ ಇನ್ನಷ್ಟು ಸೋಲುತ್ತದೆ. ಅದಕ್ಕೆ ನಾಲ್ಕು ಪಟ್ಟು ಹಿಡಿದು, ಹೊಸ ಒಣ ಬಾಕ್ಸ್ ಕಂಪ್ರೆಶನ್ ಟೆಸ್ಟ್‌ನಲ್ಲಿ ಸುಮಾರು 250 ಕಿಲೊ ತಡೆಯಬೇಕು ಎಂದು ಆರ್ಡರಿನಲ್ಲಿ ಬರೆಯಿರಿ.

ಬಾಕ್ಸಿನವರು ಬರ್ಸ್ಟಿಂಗ್ ರಿಪೋರ್ಟ್ ತೋರಿಸಿ ಸಮಾಧಾನ ಮಾಡಬಹುದು. ಬರ್ಸ್ಟಿಂಗ್ ಹೇಳುವುದು ಚುಚ್ಚಿದರೆ, ಬಿದ್ದರೆ ಹರಿಯುತ್ತದೆಯೇ ಎಂಬುದನ್ನು. ಪೇರಿಸಿದರೆ ಕುಸಿಯುತ್ತದೆಯೇ ಎಂದು ಹೇಳುವುದು ಕಂಪ್ರೆಶನ್. ತೆಳು ಪದರದ ಸ್ಯಾಂಪಲ್ ಮಾಡಿಸಿ ಆ ಟೆಸ್ಟ್‌ನಲ್ಲಿ 250 ದಾಟಿದರೆ 49 ಪೈಸೆ ಉಳಿಸಿ. ದಾಟದಿದ್ದರೆ ಬಿಡಿ. ಕುಸಿದ ಒಂದು ಬಾಕ್ಸಿನ 15 ಕಿಲೊ ಮಾಲನ್ನು ಮತ್ತೆ ಆರಿಸಿ ತುಂಬುವ ಕೂಲಿಯಲ್ಲಿ ಎಷ್ಟೋ ಬಾಕ್ಸಿನ ಉಳಿತಾಯ ಹೋಗುತ್ತದೆ.

ಈ ಹಾಳೆಯನ್ನು ಬಾಕ್ಸಿನವರಿಗೆ ಪೂರ್ತಿ ತೋರಿಸಬೇಕೇ?

ಹಾಳೆಯ ಅಳತೆ, ರೀಲ್, ಗ್ರಾಂ, ಪೇಪರ್ ದರ ತೋರಿಸಿ, ತಪ್ಪಿದ್ದರೆ ತಿದ್ದಲು ಹೇಳಿ. ಅವರು ತಿದ್ದಿದ ಪ್ರತಿ ಅಂಕಿ ನಿಮಗೆ ಮುಂದಿನ ವರ್ಷಕ್ಕೂ ಉಪಯೋಗ. ನಿಮ್ಮ ಫ್ಲೂಟ್ ಲೆಕ್ಕ 1.35, ಅವರ ರೋಲಿನದು ನಿಜಕ್ಕೂ 1.38 ಇರಬಹುದು. ನೆನೆಸಿದ ತುಂಡು ಅಷ್ಟೇ ತೋರಿಸಿದರೆ ಒಪ್ಪಿಕೊಳ್ಳಿ. ಲಾಭದ ಸಾಲು ಮತ್ತು ಕೊನೆಯ ಮೊತ್ತ ನಿಮ್ಮಲ್ಲೇ ಇರಲಿ. ಲಾಭ ಎಷ್ಟಿರಬೇಕು ಎಂದು ಎದುರಿಗೆ ಕೂತು ಹೇಳಿದರೆ ಮಾತು ಲೆಕ್ಕ ಬಿಟ್ಟು ಮಾನದ ಕಡೆ ತಿರುಗುತ್ತದೆ. ಬೇರೆ ಘಟಕದವರ ಕೊಟೇಶನ್ ಹಾಳೆಯನ್ನಂತೂ ಮೇಜಿನ ಮೇಲೆ ಇಡಬೇಡಿ. ನಾಳೆ ನಿಮ್ಮ ದರವೂ ಹಾಗೇ ಊರೆಲ್ಲ ಸುತ್ತುತ್ತದೆ.

ಲೆಕ್ಕ ಸಾಮಾನ್ಯವಾಗಿ ಎಲ್ಲಿ ತಪ್ಪುತ್ತದೆ?

ಹೊರ ಅಳತೆಯನ್ನು ಒಳ ಅಳತೆ ಎಂದು ಹಾಕುವುದು ಮೊದಲನೆಯದು. ಆಗ ದಪ್ಪ ಎರಡು ಸಲ ಸೇರಿ ಹಾಳೆ ದೊಡ್ಡದಾಗುತ್ತದೆ. ಬಾಕ್ಸ್ ತೂಗಿ, ಆ 520 ಗ್ರಾಂ ಅನ್ನೇ ಪೇಪರ್ ದರದಿಂದ ಗುಣಿಸುವುದು ಇನ್ನೊಂದು. ಅದರಲ್ಲಿ ಸ್ಟಾರ್ಚ್ ಸೇರಿದೆ, ರದ್ದಿಗೆ ಹೋದದ್ದು ಸೇರಿಲ್ಲ. ಒಬ್ಬರ ದರ ಜಿಎಸ್‌ಟಿ ಸೇರಿ, ಇನ್ನೊಬ್ಬರದು ಬಿಟ್ಟು ಇದ್ದಾಗ ಹಾಗೇ ಹೋಲಿಸುವುದೂ ಇದೆ. ಗಾಡಿ ಬಾಡಿಗೆ ಎರಡು ಕಡೆ ಬಂದಿರುವುದನ್ನೂ ನೋಡಿ: ಪೇಪರ್ ದರ ವಿಜಯಪುರಕ್ಕೆ ಮುಟ್ಟಿಸಿ ಎಂದಿದ್ದರೆ ಮಿಲ್‌ನಿಂದ ಬರುವ ಬಾಡಿಗೆ ಅದರಲ್ಲೇ ಇದೆ, ಉಳಿದದ್ದು ಘಟಕದಿಂದ ನಿಮ್ಮ ಗೋದಾಮಿನವರೆಗಿನದು ಮಾತ್ರ.